ಮಾತು ಮೊದಲು, ಮೀಟರ್ ಆಮೇಲೆ: ಯೂಟ್ಯೂಬ್ ಕಿರುಚಿತ್ರಕ್ಕೆ ಸೌಂಡ್ ಮಿಕ್ಸ್ ಮಾಡುವ ಬಗೆ

ಹನ್ನೆರಡು ನಿಮಿಷದ ಒಂದು ಕಿರುಚಿತ್ರಕ್ಕೆ ನಾನು ಸೌಂಡ್ ಮಿಕ್ಸ್ ಮಾಡಿದ್ದೆ. ಕೊನೆಯಲ್ಲಿ ಸೌಂಡ್ ಎಷ್ಟು ಜೋರಿದೆ ಅಂತ ಮೀಟರ್ ನೋಡಿದರೆ -14.7. ಯೂಟ್ಯೂಬ್‌ಗೆ -14 ಇರಬೇಕು ಅಂತಾರಲ್ಲ, ಹತ್ತಿರವೇ ಇದೆ ಅಂತ ಅಪ್‌ಲೋಡ್ ಮಾಡಿದೆವು. ಮರುದಿನ ನನ್ನ ಅಕ್ಕ ಫೋನ್ ಮಾಡಿದಳು. "ಮಾತು ಕೇಳಿಸ್ತಿಲ್ಲ ಅಂತ ಸೌಂಡ್ ಜಾಸ್ತಿ ಮಾಡ್ಕೊಂಡೆ ಕಣೋ. ಹಾಡು ಶುರುವಾಗಿದ್ದೇ ತಡ, ಮಲಗಿದ್ದ ಮಗು ಬೆಚ್ಚಿಬಿದ್ದು ಎದ್ದುಬಿಡ್ತು."

ಮೀಟರ್ ಸರಿಯಾಗಿಯೇ ಇತ್ತು. ತಪ್ಪಾಗಿದ್ದದ್ದು ನಾನು ಅದನ್ನು ಓದಿದ ರೀತಿ. ಅದೇ ಚಿತ್ರವನ್ನು ಮತ್ತೆ ಮೊದಲಿನಿಂದ ಮಿಕ್ಸ್ ಮಾಡಿದೆ. ಆ ಕೆಲಸವನ್ನು ಹಂತ ಹಂತವಾಗಿ ಇಲ್ಲಿ ಬರೆಯುತ್ತಿದ್ದೇನೆ. ರೀಪರ್, ಡಾವಿಂಚಿ ರಿಸಾಲ್ವ್‌ನ ಫೇರ್‌ಲೈಟ್, ಇನ್ಯಾವುದೋ ಸಾಫ್ಟ್‌ವೇರ್, ಯಾವುದರಲ್ಲಿ ಮಾಡಿದರೂ ದಾರಿ ಒಂದೇ.

ಆ ಒಂದು ಸಂಖ್ಯೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೀಟರ್ ಮೇಲೆ LUFS ಅಂತ ಕಾಣುವುದನ್ನು ಬಾಯಲ್ಲಿ ಲಫ್ಸ್ ಅಂತೀವಿ. ಕಿವಿಗೆ ಎಷ್ಟು ಜೋರಾಗಿ ಕೇಳುತ್ತದೆ ಅನ್ನುವುದರ ಅಳತೆ ಅದು. ತೀರಾ ಕೆಳಗಿನ ಗುಂಯ್ ಅನ್ನುವ ಶಬ್ದಕ್ಕೆ ಅದು ಕಡಿಮೆ ತೂಕ ಕೊಡುತ್ತದೆ, ಸುಮಾರು 2 ಕಿಲೋಹರ್ಟ್ಸ್‌ನಿಂದ ಮೇಲಿನದಕ್ಕೆ ತುಸು ಜಾಸ್ತಿ. ನಮ್ಮ ಕಿವಿಯೂ ಹೆಚ್ಚುಕಡಿಮೆ ಹಾಗೇ ಅಲ್ವಾ.

ಮೀಟರ್ ಮೂರು ಬಗೆಯಲ್ಲಿ ಅಳೆಯುತ್ತದೆ. ಮೊಮೆಂಟರಿ ಅಂದರೆ ಈಗಿನ 400 ಮಿಲಿಸೆಕೆಂಡ್. ಶಾರ್ಟ್ ಟರ್ಮ್ ಅಂದರೆ ಕಳೆದ 3 ಸೆಕೆಂಡ್. ಇಂಟಿಗ್ರೇಟೆಡ್ ಅಂದರೆ ಇಡೀ ಚಿತ್ರದ ಸರಾಸರಿ. ಯೂಟ್ಯೂಬ್‌ನ -14 ಅನ್ನುವುದು ಈ ಮೂರನೆಯದು.

ಸರಾಸರಿ ಅಂದೆನಲ್ಲ, ನನ್ನ ಎಡವಟ್ಟು ಆದದ್ದು ಅಲ್ಲೇ. ನಮ್ಮ ಚಿತ್ರದಲ್ಲಿ ಸುಮಾರು 7 ನಿಮಿಷ ಮಾತು ಇತ್ತು, ಅದು -21ರಲ್ಲಿ ಕೂತಿತ್ತು. 2 ನಿಮಿಷದ ಹಾಡು -9ರಲ್ಲಿತ್ತು. ಉಳಿದ 3 ನಿಮಿಷ ಬರೀ ಮಳೆ, ಗಾಳಿ, ಮೌನ. ಮಾತಿಗೂ ಹಾಡಿಗೂ 12 ಡಿಬಿ ವ್ಯತ್ಯಾಸ ಅಂದರೆ ಶಕ್ತಿಯಲ್ಲಿ ಸುಮಾರು 16 ಪಟ್ಟು. ಮೀಟರ್ ಸರಾಸರಿ ತೆಗೆಯುವುದು ಈ ಶಕ್ತಿಯ ಲೆಕ್ಕದಲ್ಲಿ. ಹಾಗಾಗಿ ಬರೀ ಎರಡು ನಿಮಿಷದ ಹಾಡೇ ಲೆಕ್ಕದ ಐದರಲ್ಲಿ ನಾಲ್ಕು ಪಾಲನ್ನು ನುಂಗಿಹಾಕಿತ್ತು. ಮಳೆ, ಮೌನದ ಭಾಗವಂತೂ ಲೆಕ್ಕಕ್ಕೇ ಬರಲಿಲ್ಲ. ಸರಾಸರಿಗಿಂತ 10 ಡಿಬಿಗೂ ಕೆಳಗಿರುವ ತುಣುಕುಗಳನ್ನು ಮೀಟರ್ ಬಿಟ್ಟುಬಿಡುತ್ತದೆ, ಇದನ್ನೇ ಗೇಟ್ ಅನ್ನುವುದು. ಎಲ್ಲಾ ಕೂಡಿ -14.7 ಬಂತು. ಮಾತು ಎಲ್ಲಿದೆ ಅನ್ನುವ ಸುಳಿವೇ ಆ ಸಂಖ್ಯೆಯಲ್ಲಿ ಇರಲಿಲ್ಲ.

ಆದ್ದರಿಂದ ಈಗ ನಾನು ಹಿಡಿದಿರುವ ಕ್ರಮ ಇದು: ಮಾತನ್ನು ಒಂದು ಮಟ್ಟದಲ್ಲಿ ನಿಲ್ಲಿಸುವುದು, ಉಳಿದ ಎಲ್ಲವನ್ನೂ ಅದರ ಸುತ್ತ ಜೋಡಿಸುವುದು, ಒಟ್ಟು ಸಂಖ್ಯೆಯನ್ನು ಕೊನೆಗೆ ನೋಡುವುದು.

ಟ್ರ್ಯಾಕ್‌ಗಳನ್ನು ಮೂರು ಬಸ್‌ಗೆ ಕಟ್ಟಿ

ಬಸ್ ಅಂದರೆ ಹಲವು ಟ್ರ್ಯಾಕ್‌ಗಳು ಒಟ್ಟಿಗೆ ಸೇರಿ ಹೋಗುವ ದಾರಿ. ಮಾತಿನ ಟ್ರ್ಯಾಕ್‌ಗಳೆಲ್ಲ ಒಂದು ಬಸ್‌ಗೆ ಹೋಗಲಿ. ಲೊಕೇಶನ್ ಸೌಂಡ್, ಡಬ್ಬಿಂಗ್, ವಾಯ್ಸ್ ಓವರ್, ಎಲ್ಲವೂ. ಹಾಡು ಮತ್ತು ಬಿಜಿಎಂ ಎರಡನೆಯದಕ್ಕೆ. ಫೋಲಿ, ಎಫೆಕ್ಟ್, ಆಂಬಿಯೆನ್ಸ್ ಮೂರನೆಯದಕ್ಕೆ. ಮೂರೂ ಮಾಸ್ಟರ್‌ಗೆ ಸೇರಲಿ. ಒಂದು ಲೌಡ್‌ನೆಸ್ ಮೀಟರ್ ಮಾಸ್ಟರ್ ಮೇಲೆ, ಇನ್ನೊಂದು ಮಾತಿನ ಬಸ್ ಮೇಲೆ ಇರಲಿ. ಯೂಲೀನ್ ಮೀಟರ್‌ನ ಉಚಿತ ಆವೃತ್ತಿ ಸಾಕು. ಎರಡನೇ ಮೀಟರ್ ಹಾಕಲು ಸೋಮಾರಿತನ ಮಾಡಬೇಡಿ, ಇಡೀ ಕೆಲಸ ನಿಂತಿರುವುದು ಅದರ ಮೇಲೆ.

ಇನ್ನೊಂದು ಮಾತು. ಕೆಲಸ ಶುರು ಮಾಡುವ ಮುಂಚೆ ಸ್ಪೀಕರ್ ಅಥವಾ ಹೆಡ್‌ಫೋನ್‌ನ ವಾಲ್ಯೂಮ್ ಒಂದು ಕಡೆ ನಿಲ್ಲಿಸಿ. ಎದುರಿಗೆ ಕೂತವರು ಸಹಜವಾಗಿ ಮಾತಾಡಿದ ಹಾಗೆ ಮಾತು ಕೇಳುವ ಜಾಗ ಹುಡುಕಿ, ಆ ಗುಂಡಿಯ ಪಕ್ಕ ಟೇಪ್ ಅಂಟಿಸಿ ಗುರುತು ಮಾಡಿ. ಮಿಕ್ಸ್ ಮುಗಿಯುವವರೆಗೂ ಅದನ್ನು ಮುಟ್ಟಬೇಡಿ. ಗಂಟೆಗೊಮ್ಮೆ ವಾಲ್ಯೂಮ್ ಏರಿಸಿ ಇಳಿಸಿದರೆ, ಬೆಳಿಗ್ಗೆ ಮಾಡಿದ ಸೀನಿಗೂ ಸಂಜೆ ಮಾಡಿದ ಸೀನಿಗೂ ತಾಳ ಸೇರುವುದೇ ಇಲ್ಲ.

ಮಾತು: ಸಮಯದ ಅರ್ಧ ಪಾಲು ಇಲ್ಲಿಗೇ ಹೋಗಲಿ

ಹಾಡು, ಎಫೆಕ್ಟ್ ಎರಡನ್ನೂ ಮ್ಯೂಟ್ ಮಾಡಿ. ಬರೀ ಮಾತನ್ನು ಕೇಳಿ.

ಎಲ್ಲರೂ ಮೊದಲು ಕಂಪ್ರೆಸರ್‌ಗೆ ಕೈ ಹಾಕುತ್ತಾರೆ. ಅದಕ್ಕೂ ಮುಂಚೆ ಕ್ಲಿಪ್ ಗೇನ್‌ನಲ್ಲಿ ಕೈಯಿಂದಲೇ ಸರಿಮಾಡಿಕೊಳ್ಳಬೇಕು. ಒಂದೊಂದು ಡೈಲಾಗ್ ಕ್ಲಿಪ್ ತೆಗೆದುಕೊಂಡು, ಮಾತಿನ ಬಸ್‌ನ ಶಾರ್ಟ್ ಟರ್ಮ್ ಮೀಟರ್ -18ರಿಂದ -15ರೊಳಗೆ ಆಡುವ ಹಾಗೆ ಏರಿಸಿ, ಇಳಿಸಿ. ಪಿಸುಮಾತು ಇದ್ದರೆ -20ಕ್ಕೆ ಇಳಿಯಲಿ, ಕಿರುಚಾಟ ಇದ್ದರೆ -13ಕ್ಕೆ ಏರಲಿ. ಎಲ್ಲವನ್ನೂ ಒಂದೇ ಗೆರೆಗೆ ತಂದರೆ ಜೀವ ಹೋಗುತ್ತದೆ.

ಕನ್ನಡಕ್ಕೇ ಸೇರಿದ ಒಂದು ತೊಂದರೆ ಇಲ್ಲಿದೆ. ನಮ್ಮ ವಾಕ್ಯದ ಅರ್ಥ ತೀರ್ಮಾನ ಆಗುವುದು ಕೊನೆಯ ಅಕ್ಷರಗಳಲ್ಲಿ. ಬರ್ತೀನಿ, ಬರಲ್ಲ, ಬರ್ತೀಯಾ: ಹೌದೋ, ಇಲ್ಲವೋ, ಪ್ರಶ್ನೆಯೋ ಅನ್ನುವುದು ಬಾಲದಲ್ಲಿದೆ. ಆದರೆ ಮಾತಾಡುವವರ ಉಸಿರು ಕಡಿಮೆಯಾಗುವುದೂ ಅಲ್ಲಿಯೇ. ನಮ್ಮ ಚಿತ್ರದಲ್ಲಿ ಮಗ ಅಮ್ಮನಿಗೆ ಹೇಳುವ ಒಂದು ಸಾಲಿತ್ತು: "ನಾನು ಈ ಸಲ ಹಬ್ಬಕ್ಕೆ ಬರಲ್ಲ." ಮೊದಲರ್ಧ ಚೆನ್ನಾಗಿ ಕೇಳುತ್ತಿತ್ತು. 'ರಲ್ಲ' ಮಾತ್ರ ಸುಮಾರು 8 ಡಿಬಿ ಕೆಳಗೆ ಜಾರಿತ್ತು. ಫೋನಿನಲ್ಲಿ ಕೇಳಿದರೆ "ಹಬ್ಬಕ್ಕೆ ಬ..." ಅಷ್ಟೇ. ಕಥೆಯೆಲ್ಲ ನಿಂತಿದ್ದದ್ದು ಆ ಎರಡು ಅಕ್ಷರದ ಮೇಲೆ.

ಕಂಪ್ರೆಸರ್ ಹಾಕಿದರೆ ಇದು ಸರಿಹೋಗುವುದಿಲ್ಲ. ಕಂಪ್ರೆಸರ್ ಮಾಡುವುದು ಜೋರಾಗಿದ್ದದ್ದನ್ನು ತಗ್ಗಿಸುವ ಕೆಲಸ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಏರಿಸಬೇಕು, ಆಗ ಹಿಂದಿನ ಫ್ಯಾನ್ ಸದ್ದೂ ಜೊತೆಗೇ ಏರುತ್ತದೆ. ನಾನು ಮಾಡಿದ್ದು ಇಷ್ಟು. 'ಬ' ಮುಗಿದ ಜಾಗದಲ್ಲಿ ಕ್ಲಿಪ್ ಕತ್ತರಿಸಿ, ಬಾಲದ ತುಂಡನ್ನು 5 ಡಿಬಿ ಏರಿಸಿದೆ. ಕತ್ತರಿಸಿದ ಜಾಗದಲ್ಲಿ 20 ಮಿಲಿಸೆಕೆಂಡ್‌ನ ಕ್ರಾಸ್‌ಫೇಡ್ ಕೊಟ್ಟೆ. ಪೂರಾ 8 ಏರಿಸಲಿಲ್ಲ, ಯಾಕೆಂದರೆ ಆ ಸಾಲಿನಲ್ಲಿ ಅವನ ದನಿ ಕುಗ್ಗಬೇಕು, ಅದೇ ಅದರ ಭಾವ. ತುಂಡಿನ ಜೊತೆ ಏರಿದ ಹಿನ್ನೆಲೆ ಸದ್ದು ಥಟ್ಟನೆ ನಿಲ್ಲಬಾರದು ಅಂತ, ಯಾರೂ ಮಾತಾಡದಾಗ ಅದೇ ಕೋಣೆಯಲ್ಲಿ ಇರುವ ಸದ್ದನ್ನು, ಅಂದರೆ ರೂಮ್ ಟೋನ್ ಅನ್ನು, ತುಸು ಮುಂದಕ್ಕೆ ಎಳೆದೆ. ಇಂಥ ಬಾಲಗಳು ಇಡೀ ಚಿತ್ರದಲ್ಲಿ ನಲವತ್ತಕ್ಕೂ ಹೆಚ್ಚು ಸಿಕ್ಕವು. ಅವಕ್ಕೇ ಒಂದು ಸಂಜೆ ಹೋಯಿತು. ಆ ಸಂಜೆ ಉಳಿಸಲು ಯಾವ ಪ್ಲಗಿನ್ನೂ ಇಲ್ಲ.

ಇದಾದ ಮೇಲೆ ಮಾತಿನ ಟ್ರ್ಯಾಕ್ ಮೇಲೆ 80 ಹರ್ಟ್ಸ್‌ನಲ್ಲಿ ಹೈಪಾಸ್, ಅಂದರೆ ಅದಕ್ಕಿಂತ ಕೆಳಗಿನ ಸದ್ದನ್ನು ತೆಗೆಯುವ ಫಿಲ್ಟರ್ ಹಾಕಿ. ಬೈಕು, ಲಾರಿಯ ಗುಡುಗು ಅಲ್ಲೇ ಹೋಗುತ್ತದೆ. ಇಲ್ಲದಿದ್ದರೆ ನಿಮಗೆ ಕೇಳಿಸದ ಆ ಸದ್ದಿಗೆ ಕಂಪ್ರೆಸರ್ ಕೆಲಸ ಮಾಡಿ ಮಾತು ಸುಮ್ನೆ ಕುಣಿಯುತ್ತದೆ. ಕಂಪ್ರೆಸರ್ 3:1, ಅಟ್ಯಾಕ್ 10 ಮಿಲಿಸೆಕೆಂಡ್, ರಿಲೀಸ್ 100ರ ಆಸುಪಾಸು, ಜೋರಾದ ಮಾತಿಗೆ 3-4 ಡಿಬಿ ಇಳಿದರೆ ಸಾಕು. ಅದಕ್ಕಿಂತ ಜಾಸ್ತಿ ಇಳಿಯುತ್ತಿದ್ದರೆ ಕ್ಲಿಪ್ ಗೇನ್ ಕೆಲಸ ಅರ್ಧಕ್ಕೇ ನಿಂತಿದೆ ಅಂತ ಅರ್ಥ.

ಈಗ ಮಾತಿನ ಬಸ್‌ನ ಇಂಟಿಗ್ರೇಟೆಡ್ ನೋಡಿ. ಮಾತಿನ ನಡುವಿನ ಮೌನವನ್ನು ಗೇಟ್ ತಾನೇ ಬಿಟ್ಟುಬಿಡುವುದರಿಂದ, ಬರುವ ಸಂಖ್ಯೆ ಹೆಚ್ಚುಕಡಿಮೆ ಬರೀ ಮಾತಿನದ್ದೇ. ನಮ್ಮದು -16.5ಕ್ಕೆ ಬಂತು. ಮೊದಲು -21 ಇತ್ತು ಅನ್ನುವುದನ್ನು ನೆನಪಿಡಿ. ಇಲ್ಲಿಂದ ಮುಂದೆ ಮಾತಿನ ಫೇಡರ್ ಮುಟ್ಟುವ ಹಾಗಿಲ್ಲ.

ಎಫೆಕ್ಟ್ ಮತ್ತು ಆಂಬಿಯೆನ್ಸ್

ಮಾತಿನ ಹಿಂದೆ ಸದಾ ಹರಡಿರುವ ಆಂಬಿಯೆನ್ಸ್, ಅಂದರೆ ಬೀದಿಯ ಸದ್ದು, ಹಕ್ಕಿ, ದೂರದ ದೇವಸ್ಥಾನದ ಗಂಟೆ, ಮಾತಿಗಿಂತ 15ರಿಂದ 20 ಡಿಬಿ ಕೆಳಗಿರಲಿ. ಬಾಗಿಲು ಬಡಿಯುವುದು, ಪಾತ್ರೆ ಬೀಳುವುದು ಇಂಥ ಚಿಕ್ಕ ಸದ್ದುಗಳಿಗೆ ಲಫ್ಸ್ ಲೆಕ್ಕ ಅಷ್ಟಾಗಿ ತಾಗುವುದಿಲ್ಲ. ಅವು ಕ್ಷಣದಲ್ಲಿ ಮುಗಿದುಹೋಗುತ್ತವೆ. ಅವನ್ನು ಕಿವಿಯಿಂದ ಕೂರಿಸಿ, ಮೊಮೆಂಟರಿ ಮಾತಿಗಿಂತ 5-6 ಡಿಬಿ ಮೇಲೆ ಹೋಗದಂತೆ ನೋಡಿಕೊಂಡರೆ ಸಾಕು.

ಕಷ್ಟ ಕೊಡುವುದು ನಿಲ್ಲದೆ ನಡೆಯುವ ಸದ್ದು. ನಮ್ಮ ಚಿತ್ರದಲ್ಲಿ ಅಮ್ಮ ಮಿಕ್ಸಿಯಲ್ಲಿ ಚಟ್ನಿ ರುಬ್ಬುತ್ತಾ ಮಗನ ಜೊತೆ ಮಾತಾಡುವ ಸೀನಿತ್ತು. ಮಿಕ್ಸಿಯ ಸದ್ದು ಇರುವುದು ಮಾತಿನ ಅಕ್ಷರಗಳು ಬಿಡಿಸಿ ಕೇಳುವ ಜಾಗದಲ್ಲೇ, 1ರಿಂದ 4 ಕಿಲೋಹರ್ಟ್ಸ್ ನಡುವೆ. ಬರೀ ಫೇಡರ್ ಇಳಿಸಿದರೆ ಮಿಕ್ಸಿ ಪಕ್ಕದ ಮನೆಯಲ್ಲಿ ತಿರುಗುತ್ತಿದೆ ಅನ್ನಿಸುತ್ತದೆ. ಅದಕ್ಕೆ ಹೀಗೆ ಮಾಡಿದೆ: ಮಿಕ್ಸಿ ಶುರುವಾಗುವ ಮೊದಲ ಒಂದು ಸೆಕೆಂಡ್ ಪೂರ್ತಿ ಜೋರಾಗಿ ಬಿಟ್ಟೆ. ನೋಡುವವರಿಗೆ ಅಡುಗೆಮನೆ ಗದ್ದಲ ಮನದಟ್ಟಾಗಲು ಅಷ್ಟು ಸಾಕು. ಆಮೇಲೆ ಮಗ ಬಾಯಿ ತೆರೆಯುವ ಅರ್ಧ ಸೆಕೆಂಡ್ ಮುಂಚೆಯಿಂದ ನಿಧಾನವಾಗಿ 9 ಡಿಬಿ ಇಳಿಸಿದೆ, ಜೊತೆಗೆ ಈಕ್ಯೂನಲ್ಲಿ 2.5 ಕಿಲೋಹರ್ಟ್ಸ್ ಸುತ್ತ 4 ಡಿಬಿ ತೆಗೆದೆ. ಯಾರೂ ಗಮನಿಸಲಿಲ್ಲ. ಕಿವಿ ಮೊದಲ ಸೆಕೆಂಡಿನ ಗದ್ದಲವನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಕೇಳುತ್ತದೆ.

ಬಿಜಿಎಂ ಮತ್ತು ಹಾಡು

ಮಾತಿನ ಕೆಳಗೆ ಓಡುವ ಬಿಜಿಎಂ ಮಾತಿಗಿಂತ 12ರಿಂದ 16 ಡಿಬಿ ಕೆಳಗಿರಲಿ. ತಂಬೂರಿ, ಸ್ಟ್ರಿಂಗ್ ಪ್ಯಾಡ್ ಇದ್ದರೆ 12 ನಡೆಯುತ್ತದೆ. ಕೊಳಲು, ಪಿಟೀಲು ರಾಗ ನುಡಿಸುತ್ತಿದ್ದರೆ 16 ಬೇಕು, ಅವು ದನಿಯ ಜಾಗದಲ್ಲೇ ಹಾಡುತ್ತವೆ. ಇನ್ನು ಸಾಹಿತ್ಯ ಇರುವ ಹಾಡನ್ನು ಮಾತಿನ ಕೆಳಗೆ ಓಡಿಸಲೇಬೇಡಿ. ಎಷ್ಟು ಇಳಿಸಿದರೂ ಎರಡು ಕನ್ನಡ ಒಟ್ಟಿಗೆ ಕೇಳಿದರೆ ಎರಡೂ ಅರ್ಥವಾಗುವುದಿಲ್ಲ. ಸಂಗೀತ ನಿರ್ದೇಶಕರ ಹತ್ತಿರ ವೋಕಲ್ ಇಲ್ಲದ ಟ್ರ್ಯಾಕ್ ಕೇಳಿ ತಗೊಳ್ಳಿ, ಮೊದಲೇ ಕೇಳಿ.

ಸೈಡ್‌ಚೈನ್ ಹಾಕಿದರೆ ಮಾತು ಬಂದಾಗ ಸಂಗೀತ ತಾನೇ ಇಳಿಯುತ್ತದೆ. ವಾಯ್ಸ್ ಓವರ್ ಇರುವ ವಿಡಿಯೋಗೆ ಅದು ಸಾಕು. ಕಥಾಚಿತ್ರಕ್ಕೆ ನನಗೆ ಅದು ಹಿಡಿಸುವುದಿಲ್ಲ. ಪ್ರತಿ ಪದದ ಸಂದಿಯಲ್ಲಿ ಸಂಗೀತ ಉಸಿರಾಡಿದ ಹಾಗೆ ಏರಿಳಿಯುತ್ತದೆ. ಕೈಯಲ್ಲೇ ಆಟೋಮೇಶನ್ ಬರೆಯಿರಿ. ಇಳಿತ ಮಾತಿಗಿಂತ ಅರ್ಧ ಸೆಕೆಂಡ್ ಮುಂಚೆ ಶುರುವಾಗಲಿ. ಏರಿಕೆ ಮಾತು ಮುಗಿದ ಮೇಲೆ ಒಂದೆರಡು ಸೆಕೆಂಡ್ ತೆಗೆದುಕೊಳ್ಳಲಿ.

ಮಾತಿಲ್ಲದೆ ಹಾಡೇ ಓಡುವ ಭಾಗ ಮಾತಿಗಿಂತ ಸುಮಾರು 3ರಿಂದ 4 ಡಿಬಿ ಜೋರಾಗಿರಬಹುದು, ಅದಕ್ಕಿಂತ ಜಾಸ್ತಿ ಬೇಡ. ಸಂಗೀತ ನಿರ್ದೇಶಕರು ಕಳಿಸುವ ಹಾಡು ಸಾಮಾನ್ಯವಾಗಿ ಆಡಿಯೋ ಬಿಡುಗಡೆಗೆ ಮಾಸ್ಟರ್ ಆಗಿಯೇ ಬರುತ್ತದೆ, -9ರ ಆಸುಪಾಸು. ಅದನ್ನು ಟೈಮ್‌ಲೈನ್‌ಗೆ ಹಾಗೇ ಎಳೆದು ಹಾಕಿದ್ದೇ ನನ್ನ ಮೊದಲ ಮಿಕ್ಸ್‌ನ ಸಮಸ್ಯೆ. ಈ ಸಲ ಹಾಡನ್ನು 4 ಡಿಬಿ ಇಳಿಸಿ -13ಕ್ಕೆ ತಂದೆ. ನಿರ್ದೇಶಕರಿಗೆ ಹಾಡಿನ ಪಂಚ್ ಹೋಯಿತೇನೋ ಅಂತ ಅನುಮಾನ. ಹಾಡಿಗೆ ಮುಂಚಿನ ಹತ್ತು ಸೆಕೆಂಡ್ ಆಂಬಿಯೆನ್ಸನ್ನು ಇನ್ನೂ 3 ಡಿಬಿ ಇಳಿಸಿ ಕೇಳಿಸಿದೆ. ಮೌನದಿಂದ ಎದ್ದು ಬಂದಾಗ -13 ಕೂಡ ದೊಡ್ಡದಾಗಿಯೇ ಕೇಳಿತು.

ಈಗ ಮೀಟರ್

ಪೂರ್ತಿ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನಿಲ್ಲಿಸದೆ ಓಡಿಸಿ ಮಾಸ್ಟರ್ ಮೀಟರ್ ನೋಡಿ. ನಡುವಿನಿಂದ ಓಡಿಸಿದರೆ ಇಂಟಿಗ್ರೇಟೆಡ್‌ಗೆ ಅರ್ಥವಿಲ್ಲ. ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ಅಳೆಯುವುದಾದರೆ ಈ ಆಜ್ಞೆ ಸಾಕು:

```
ffmpeg -nostats -i mix.wav -filter_complex ebur128=peak=true -f null -
```

ಕೊನೆಯಲ್ಲಿ ಬರುವ ಸಾಲುಗಳಲ್ಲಿ ಬೇಕಾದದ್ದು ಎರಡೇ. ನಮಗೆ ಹೀಗೆ ಬಂತು:

```
I:         -15.4 LUFS
Peak:       -1.6 dBFS
```

ಮೊದಲನೆಯದು ಇಂಟಿಗ್ರೇಟೆಡ್. ಎರಡನೆಯದು ಟ್ರೂ ಪೀಕ್, ಅಂದರೆ ಡಿಜಿಟಲ್ ಚುಕ್ಕೆಗಳ ನಡುವೆ ಅಲೆ ನಿಜವಾಗಿ ಎಷ್ಟು ಎತ್ತರಕ್ಕೆ ಹೋಗುತ್ತದೆ ಅನ್ನುವುದು. ಇದು -1ರ ಮೇಲೆ ಹೋಗಬಾರದು. ಅಪ್‌ಲೋಡ್ ಆದ ಮೇಲೆ ಸೌಂಡನ್ನು ಮತ್ತೆ ಕುಗ್ಗಿಸುತ್ತಾರೆ. ಆ ಕುಗ್ಗಿಸುವಿಕೆಯಲ್ಲಿ ಅಲೆಯ ಆಕಾರ ತುಸು ಬದಲಾಗಿ ತುದಿಗಳು ಇನ್ನಷ್ಟು ಏಳುತ್ತವೆ. ಜಾಗ ಬಿಟ್ಟಿರದಿದ್ದರೆ ಬಾಗಿಲು ಬಡಿದಾಗ ಚರ್ ಅಂತ ಒಡೆದ ಸದ್ದು ಬರುತ್ತದೆ.

-15.4 ಇದ್ದರೆ -14ಕ್ಕೆ ಏರಿಸಲೇಬೇಕಾ? ಬೇಕಿಲ್ಲ. ಯೂಟ್ಯೂಬ್ -14ಕ್ಕಿಂತ ಜೋರಾಗಿದ್ದದ್ದನ್ನು ಇಳಿಸುತ್ತದೆ, ಮೆಲ್ಲಗಿದ್ದದ್ದನ್ನು ಏರಿಸುವುದಿಲ್ಲ. ಹಾಗಾಗಿ -15.4 ಇದ್ದರೆ ಪಕ್ಕದ ವಿಡಿಯೋಗಿಂತ ಒಂದೂವರೆ ಡಿಬಿ ಮೆಲ್ಲಗೆ ಕೇಳುತ್ತದೆ ಅಷ್ಟೇ. ನಾವು ಎಲ್ಲವನ್ನೂ 1 ಡಿಬಿ ಏರಿಸಿ, ಮಾಸ್ಟರ್‌ನ ಕೊನೆಯಲ್ಲಿ ಟ್ರೂ ಪೀಕ್ ಲಿಮಿಟರ್ ಹಾಕಿ ಸೀಲಿಂಗ್ -1ಕ್ಕೆ ಇಟ್ಟೆವು. ಲಿಮಿಟರ್ ಕೆಲಸ ಮಾಡಿದ್ದು ಮೂರೇ ಕಡೆ, ಅರ್ಧ ಡಿಬಿಯ ಆಸುಪಾಸು. ಲಿಮಿಟರ್ ಉದ್ದಕ್ಕೂ 3-4 ಡಿಬಿ ಒತ್ತುತ್ತಿದ್ದರೆ ಮಿಕ್ಸ್ ಜೋರಾಗಿಲ್ಲ, ಕಿಕ್ಕಿರಿದಿದೆ ಅಂತ ತಿಳಿಯಿರಿ. ಹಿಂದಕ್ಕೆ ಹೋಗಿ ಸಂಗೀತ ಇಳಿಸಿ.

ಒಟ್ಟು -14.4 ಆಯಿತು. ಮೊದಲ ಮಿಕ್ಸ್ -14.7. ಕಾಗದದ ಮೇಲೆ ವ್ಯತ್ಯಾಸ 0.3. ಒಳಗೆ ಮಾತು 5.5 ಡಿಬಿ ಮೇಲೆ ಬಂದಿತ್ತು, ಹಾಡು 3 ಡಿಬಿ ಕೆಳಗೆ ಹೋಗಿತ್ತು.

ಒಂದು ಎಚ್ಚರಿಕೆ. ಕೆಲವರು ಮಿಕ್ಸ್ ಮಾಡದೆ, ಫೈಲನ್ನು ಲೌಡ್‌ನೆಸ್ ನಾರ್ಮಲೈಸ್ ಮಾಡಿ -14ಕ್ಕೆ ತಂದು ಹಾಕುತ್ತಾರೆ. ಅದು ಇಡೀ ಫೈಲನ್ನು ಒಟ್ಟಿಗೆ ಏರಿಸುತ್ತದೆ, ಇಳಿಸುತ್ತದೆ. ಮಾತಿಗೂ ಹಾಡಿಗೂ ಇರುವ ಅಂತರ ಅಲ್ಲೇ ಇರುತ್ತದೆ. ನನ್ನ ಮೊದಲ ಮಿಕ್ಸ್‌ಗೆ ಅದನ್ನು ಮಾಡಿದ್ದರೆ ಅಕ್ಕನ ಮಗು ಇನ್ನೂ ಸ್ವಲ್ಪ ಬೇಗ ಏಳುತ್ತಿತ್ತು.

ಅಪ್‌ಲೋಡ್ ಮಾಡಿ ನೋಡುವುದು

48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲ್ ತೆಗೆದು ವಿಡಿಯೋ ಜೊತೆ ಸೇರಿಸಿ. ಮೊದಲು ಅನ್‌ಲಿಸ್ಟೆಡ್ ಆಗಿ ಹಾಕಿ. ಕಂಪ್ಯೂಟರ್‌ನಲ್ಲಿ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ Stats for nerds ತೆರೆದರೆ ಹೀಗೊಂದು ಸಾಲು ಸಿಗುತ್ತದೆ:

```
Volume / Normalized   100% / 100% (content loudness -0.4dB)
```

ಕೊನೆಯ ಅಂಕಿ -14ಕ್ಕೂ ನಿಮ್ಮ ಫೈಲಿಗೂ ಇರುವ ವ್ಯತ್ಯಾಸ. ಅಲ್ಲಿ 4.0 ಅಂತ ಇದ್ದರೆ ನೀವು 4 ಡಿಬಿ ಜೋರಾಗಿ ಕಳಿಸಿದ್ದೀರಿ, ಎರಡನೇ ಶೇಕಡಾ 63 ಆಗಿರುತ್ತದೆ. ಅಂದರೆ ಲಿಮಿಟರ್‌ನಲ್ಲಿ ಒತ್ತಿ ಒತ್ತಿ ಗಳಿಸಿದ್ದನ್ನು ಅವರು ಹಿಂದಕ್ಕೆ ತೆಗೆದುಕೊಂಡಿದ್ದಾರೆ, ಒತ್ತಿದ ಗಾಯ ಮಾತ್ರ ಉಳಿದಿದೆ.

ಸಂಖ್ಯೆ ನೋಡಿದ ಮೇಲೆ ಫೋನ್ ತಗೊಳ್ಳಿ. ಇಯರ್‌ಫೋನ್ ಬೇಡ, ಫೋನಿನ ಸ್ಪೀಕರ್. ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿ, ವಾಲ್ಯೂಮ್ ಅರ್ಧಕ್ಕೆ ಇಟ್ಟು ಚಿತ್ರ ಪೂರ್ತಿ ನೋಡಿ. ವಾಲ್ಯೂಮ್ ಬಟನ್‌ಗೆ ಕೈ ಹೋಗಬೇಕು ಅನ್ನಿಸಿದ ಪ್ರತಿ ಸಲ ಆ ನಿಮಿಷ, ಸೆಕೆಂಡ್ ಬರೆದುಕೊಳ್ಳಿ, ಏರಿಸಬೇಕಿತ್ತೋ ಇಳಿಸಬೇಕಿತ್ತೋ ಅಂತಲೂ. ನಮ್ಮ ಎರಡನೇ ಮಿಕ್ಸ್‌ಗೆ ಮೂರು ಜಾಗ ಸಿಕ್ಕವು. ಎರಡು ಮಾತಿನ ಬಾಲಗಳು, ಒಂದು ತಗಡಿನ ಮಾಡಿನ ಮೇಲಿನ ಮಳೆ. ಮಳೆ ಸ್ಪೀಕರ್‌ನಲ್ಲಿ ಚೆನ್ನಾಗಿತ್ತು, ಫೋನಿನಲ್ಲಿ ಬರೀ ಸ್ಸ್ ಅಂತ ಮಾತನ್ನು ಮುಚ್ಚುತ್ತಿತ್ತು. 3 ಡಿಬಿ ಇಳಿಸಿದೆ. ಯೂಟ್ಯೂಬ್‌ನಲ್ಲಿ ಸ್ಟೇಬಲ್ ವಾಲ್ಯೂಮ್ ಅನ್ನುವ ಆಯ್ಕೆ ಇದೆ, ಅದು ಏರಿಳಿತವನ್ನು ತಾನೇ ತಗ್ಗಿಸುತ್ತದೆ. ಈ ಪರೀಕ್ಷೆ ಮಾಡುವಾಗ ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ತಪ್ಪುಗಳು ಮುಚ್ಚಿಹೋಗುತ್ತವೆ.

ಬೇರೆ ಕಡೆಗೆ ಕಳಿಸುವಾಗ

ಮಾತು, ಸಂಗೀತ, ಎಫೆಕ್ಟ್ ಮೂರು ಬಸ್‌ಗಳನ್ನೂ ಲಿಮಿಟರ್ ಇಲ್ಲದೆ ಬೇರೆ ಬೇರೆ ವೇವ್ ಫೈಲ್ ಮಾಡಿ ಇಟ್ಟುಕೊಳ್ಳಿ. ಆಪಲ್ ಪಾಡ್‌ಕಾಸ್ಟ್‌ಗೆ ಬೇಕಾದದ್ದು -16, ಒಂದು ಡಿಬಿ ಆಚೀಚೆ. ಅಲ್ಲಿಗೆ ಇದೇ ಮಿಕ್ಸನ್ನು ಇಳಿಸಿ ಕಳಿಸಬಹುದು. ನೆಟ್‌ಫ್ಲಿಕ್ಸ್ ಲೆಕ್ಕ ಬೇರೆ. ಅವರು ಅಳೆಯುವುದು ಮಾತು ಇರುವ ಭಾಗವನ್ನು ಮಾತ್ರ. ಅದು -27ರಲ್ಲಿ ಇರಬೇಕು, 2 ಡಿಬಿ ಆಚೀಚೆ ನಡೆಯುತ್ತದೆ, ಟ್ರೂ ಪೀಕ್ -2 ದಾಟಬಾರದು. ನಮ್ಮ ಮಾತು -15.5ರಲ್ಲಿದೆ, ಅಂದರೆ ಎಲ್ಲವನ್ನೂ ಹನ್ನೊಂದೂವರೆ ಡಿಬಿ ಇಳಿಸಬೇಕು. ಆಗ ತಲೆಯ ಮೇಲೆ ಸುಮಾರು ಹತ್ತು ಡಿಬಿ ಜಾಗ ಖಾಲಿ ಸಿಗುತ್ತದೆ. ಫೋನಿಗೋಸ್ಕರ ಒತ್ತಿಟ್ಟಿದ್ದ ಬಾಗಿಲಿನ ಬಡಿತ, ಸಿಡಿಲು, ಹಾಡಿನ ತಮಟೆಯ ಪೆಟ್ಟುಗಳನ್ನು ಅಲ್ಲಿ ಮತ್ತೆ ಬಿಚ್ಚಿ ಬಿಡಬಹುದು. ಮೂರು ಫೈಲ್ ಬೇರೆ ಬೇರೆ ಇದ್ದರೆ ಅದು ಒಂದು ಮಧ್ಯಾಹ್ನದ ಕೆಲಸ.